ಮೂರು ಹುಟ್ಟಿದ ದಿನಗಳು, ಒಂದು ಆಟದ ಖಾತೆ

ನನ್ನ ಅಕ್ಕನ ಮಗನಿಗೆ ಮೂರು ಜನ್ಮ ದಿನಾಂಕಗಳಿವೆ. ಮೊದಲನೆಯದು ಅಕ್ಕನ ನೆನಪಿನಲ್ಲಿದೆ. 2008ರಲ್ಲಿ ಹೋಳಿ ಕಳೆದು, ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆದ ಮರುದಿನ, ಆಳಂದ ತಾಲ್ಲೂಕಿನ ನಮ್ಮ ಊರ ಮನೆಯಲ್ಲಿ ಅವನು ಹುಟ್ಟಿದ. ಎರಡನೆಯದು ಶಾಲೆಯ ದಾಖಲೆಯದು: 1 ಜೂನ್ 2008. ಅಲ್ಲಿಂದ ಅದು ಆಧಾರ್‌ಗೂ ಹೋಯಿತು. ನಮ್ಮ ಭಾಗದ ಹಳ್ಳಿ ಶಾಲೆಗಳ ಹಾಜರಿ ಪುಸ್ತಕ ತೆರೆದು ನೋಡಿದವರಿಗೆ ಇದು ಹೊಸದಲ್ಲ. ದಾಖಲಾತಿಯ ದಿನ ಜನನ ಪ್ರಮಾಣಪತ್ರ ಕೈಯಲ್ಲಿ ಇಲ್ಲದ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟುತ್ತಾರೆ. ಮೂರನೆಯ ದಿನಾಂಕ ಅವನ ಗೂಗಲ್ ಖಾತೆಯಲ್ಲಿದೆ: 1 ಜನವರಿ 1990. ಅದನ್ನು ಬರೆದವನು ಒಬ್ಬ ಮೊಬೈಲ್ ಅಂಗಡಿಯ ಹುಡುಗ.

2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ತರಗತಿ ಶುರುವಾಗಿದ್ದವು. ಭಾವ ತನ್ನ ಹಳೆಯ ಫೋನನ್ನು ಮಗನಿಗೆ ಕೊಟ್ಟು, ಖಾತೆ ಮಾಡಿಸಲು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋದರು. ಹುಡುಗನಿಗೆ ಆಗ 12 ವರ್ಷ. ನಿಜವಾದ ವರ್ಷ ಹಾಕಿದರೆ ಪರದೆ ಮುಂದಕ್ಕೆ ಹೋಗದೆ ಪೋಷಕರ ಖಾತೆ ಕೇಳುತ್ತದೆ. ಅಂಗಡಿಯವನಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಎಲ್ಲರಿಗೂ ಹಾಕುವಂತೆ ಇವನಿಗೂ 1990 ಹಾಕಿ, ಭಾವನ ಮೊಬೈಲ್ ಸಂಖ್ಯೆ ಜೋಡಿಸಿ, ಐದು ನಿಮಿಷದಲ್ಲಿ ಫೋನ್ ಕೈಗೆ ಕೊಟ್ಟ. ಆ ಖಾತೆಯಿಂದ ಹುಡುಗ ಮೊದಲು ಪಾಠ ಕೇಳಿದ. ಮರುವರ್ಷ ಜುಲೈನಲ್ಲಿ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಬಂದಾಗ ಅದೇ ಖಾತೆಯಿಂದ ಆಟಕ್ಕೂ ಇಳಿದ.

ಈ ಜೂನ್‌ನಲ್ಲಿ ದಾಖಲೆಯ ಲೆಕ್ಕದಲ್ಲಿ ಅವನಿಗೆ 18 ತುಂಬಿತು. ದ್ವಿತೀಯ ಪಿಯುಸಿ ಮುಗಿಸಿದ್ದಾನೆ, ಹೊಸ ಫೋನ್ ಬಂದಿದೆ, ತನ್ನದೇ ಹೆಸರಿನ ಸಿಮ್ ಕೂಡ ಬಂದಿದೆ. ಹೊಸ ಫೋನಿನಲ್ಲಿ ಹಳೆಯ ಖಾತೆ ತೆರೆಯಲು ಹೋದಾಗ ದೃಢೀಕರಣದ ಸಂಕೇತ ಭಾವನ ಹಳೆಯ ಸಂಖ್ಯೆಗೆ ಹೋಯಿತು. ಭಾವ ಪುಣೆಗೆ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿದೆ. ಅಲ್ಲಿ ಬೇರೆ ಸಿಮ್ ತೆಗೆದುಕೊಂಡಿದ್ದಾರೆ, ಹಳೆಯದಕ್ಕೆ ರೀಚಾರ್ಜ್ ಹಾಕಿಸಿಲ್ಲ. ಆ ಸಂಖ್ಯೆಗೆ ಕರೆ ಮಾಡಿದರೆ ಯಾರೋ ಹೆಂಗಸು ತೆಲುಗಿನಲ್ಲಿ ಮಾತನಾಡಿದರು. “ಮಾಮಾ, ಐದು ವರ್ಷದ ಆಟ ಹೋಯಿತು” ಎಂದು ಅವನು ನನಗೆ ಫೋನ್ ಮಾಡಿದಾಗ ಅವನ ದನಿ ನಡುಗುತ್ತಿತ್ತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಶಾಲೆ ಮುಚ್ಚಿದ್ದ ದಿನಗಳಲ್ಲಿ ಅವನ ಗೆಳೆತನವೆಲ್ಲ ಉಳಿದದ್ದು ಆ ಖಾತೆಯೊಳಗೆ.

ಕಂಪ್ಯೂಟರ್ ಕಲಿಸುವುದೇ ನನ್ನ ವೃತ್ತಿಯಾದ್ದರಿಂದ ಇಂಥ ಫೋನುಗಳು ವಾರಕ್ಕೆ ಒಂದೆರಡಾದರೂ ನನ್ನ ಮೇಜಿಗೆ ಬರುತ್ತವೆ. ಬರುವ ತಂದೆ ತಾಯಿಯರ ಎಣಿಕೆ ಹೆಚ್ಚು ಕಡಿಮೆ ಒಂದೇ. ಮಗು ದೊಡ್ಡದಾದರೆ ಖಾತೆಯೂ ತಾನಾಗಿಯೇ ದೊಡ್ಡದಾಗುತ್ತದೆ ಎಂದು ಅವರು ತಿಳಿದಿರುತ್ತಾರೆ. ಹಾಗೆ ಆಗುವುದಿಲ್ಲ. ಮಗುವಿನ ಆಟ ಒಂದೇ ಖಾತೆಯಲ್ಲಿ ಇರುವುದಿಲ್ಲ. ಕೆಳಗೆ ಫೋನಿನ ಖಾತೆ ಇರುತ್ತದೆ, ನಮ್ಮಲ್ಲಿ ಅದು ಬಹುಮಟ್ಟಿಗೆ ಗೂಗಲ್‌ದು. ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದು, ಪಾವತಿಯ ದಾರಿ, ಪೋಷಕರ ನಿಯಂತ್ರಣ ಎಲ್ಲವೂ ಅದಕ್ಕೆ ಅಂಟಿಕೊಂಡಿರುತ್ತವೆ. ಅದರ ಮೇಲೆ ಆಟದ ಸ್ವಂತ ಖಾತೆ ಇರುತ್ತದೆ. ಆಟದೊಳಗಿನ ಹಣ, ಬಟ್ಟೆ, ಆಯುಧ, ಶ್ರೇಣಿ, ಗೆಳೆಯರ ಪಟ್ಟಿ ಇರುವುದು ಅಲ್ಲಿ. ಈ ಎರಡರಲ್ಲೂ ವಯಸ್ಸು ಬೇರೆ ಬೇರೆಯಾಗಿ ದಾಖಲಾಗಿರುತ್ತದೆ, ಒಂದರಲ್ಲಿ ತಿದ್ದಿದರೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಇವೆರಡೂ ನಿಂತಿರುವ ನೆಲ ಮಾತ್ರ ಮೊಬೈಲ್ ಸಂಖ್ಯೆ. ಭಾರತದಲ್ಲಿ 18 ತುಂಬದವರ ಹೆಸರಿಗೆ ಸಿಮ್ ಕೊಡುವಂತಿಲ್ಲ. ಹಾಗಾಗಿ ನಮ್ಮ ಮಕ್ಕಳ ಖಾತೆಗಳ ಬೇರು ಬಹುಮಟ್ಟಿಗೆ ಅಪ್ಪನ ಅಥವಾ ಅವ್ವನ ಸಿಮ್‌ನಲ್ಲಿಯೇ ಇರುತ್ತದೆ.

ಆ ಬೇರು ಕಳಚುವುದು ಸದ್ದಿಲ್ಲದೆ. ಬಳಸದೆ ಬಿಟ್ಟ ಸಂಖ್ಯೆಯನ್ನು ದೂರಸಂಪರ್ಕ ಕಂಪನಿ ನಿಲ್ಲಿಸುತ್ತದೆ. ನಿಲ್ಲಿಸಿದ ಮೇಲೆ ಕನಿಷ್ಠ 90 ದಿನ ಅದನ್ನು ಯಾರಿಗೂ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಪುಣೆ, ಮುಂಬೈ, ಹೈದರಾಬಾದ್ ಎಂದು ದುಡಿಯಲು ಹೋಗುವ ನಮ್ಮ ಜನರಿಗೆ ಊರು ಬದಲಾದಂತೆ ಸಿಮ್ ಬದಲಿಸುವುದು ಅಭ್ಯಾಸ. ಅವರು ಬಿಟ್ಟ ಸಂಖ್ಯೆ ಇನ್ನೊಬ್ಬರ ಕೈ ಸೇರುವ ಹೊತ್ತಿಗೆ ಮಗುವಿನ ಖಾತೆಯ ಬೀಗದ ಕೈ ಕೂಡ ಅವರ ಕೈ ಸೇರಿರುತ್ತದೆ. ತೆಲುಗು ಮಾತನಾಡಿದ ಆ ಹೆಂಗಸಿಗೆ ತನ್ನ ಫೋನಿಗೆ ಬಂದ ಆರು ಅಂಕಿ ಏನೆಂದು ಗೊತ್ತಿರಲಿಕ್ಕಿಲ್ಲ. ಗೊತ್ತಿರುವವರ ಕೈಗೆ ಸಿಕ್ಕಿದ್ದರೆ ಖಾತೆ ಉಳಿಯುತ್ತಿರಲಿಲ್ಲ.

ನಮ್ಮ ಹುಡುಗನ ಪುಣ್ಯ, ಹಳೆಯ ಫೋನನ್ನು ಇನ್ನೂ ಮಾರಿರಲಿಲ್ಲ. ಪರದೆ ಒಡೆದಿತ್ತು, ಬ್ಯಾಟರಿ ಉಬ್ಬಿತ್ತು, ಆದರೆ ಖಾತೆ ಅದರಲ್ಲಿ ತೆರೆದೇ ಇತ್ತು. ಇದೇ ಮುಖ್ಯ. ಖಾತೆ ಒಂದು ಫೋನಿನಲ್ಲಿ ತೆರೆದಿರುವವರೆಗೆ, ಆ ಫೋನಿನೊಳಗಿನಿಂದಲೇ ಬೇರನ್ನು ಬೇರೆಡೆ ನೆಡಬಹುದು. ಹೊರಗಿನಿಂದ ಮಾಡಲು ಹೋದರೆ ತಿಂಗಳುಗಟ್ಟಲೆ ಅರ್ಜಿ ಹಾಕಿದರೂ ಆಗದೆ ಹೋಗಬಹುದು. ‘ನೀನೇ ಮಾಲೀಕನೆಂದು ಹೇಗೆ ನಂಬುವುದು’ ಎಂಬ ಪ್ರಶ್ನೆಗೆ ಹೊರಗೆ ನಿಂತವನ ಬಳಿ ಉತ್ತರ ಇರುವುದಿಲ್ಲ. ಇವನ ವಿಷಯದಲ್ಲಿ ಅದು ಇನ್ನೂ ಕಷ್ಟವಾಗುತ್ತಿತ್ತು. ಗುರುತಿನ ಚೀಟಿ ತೋರಿಸಿದರೆ ಅದರಲ್ಲಿ 2008, ಖಾತೆಯಲ್ಲಿ 1990.

ಹಾಗಾಗಿ ನಾನು ಮೊದಲು ಹೇಳಿದ್ದು ಹೊಸ ಫೋನನ್ನು ಕೆಳಗಿಡು ಎಂದು. ಹಳೆಯ ಫೋನಿನಲ್ಲಿ ಗೂಗಲ್ ಖಾತೆಯ ಭದ್ರತೆ ವಿಭಾಗಕ್ಕೆ ಹೋಗಿ, ಖಾತೆಗೆ ಮರಳಲು ನೆರವಾಗುವ ರಿಕವರಿ ಫೋನ್ ಜಾಗದಲ್ಲಿ ಅವನ ಹೊಸ ಸಂಖ್ಯೆ ಹಾಕಿಸಿದೆ. ರಿಕವರಿ ಇಮೇಲ್ ಜಾಗ ಖಾಲಿ ಇತ್ತು. ಅಲ್ಲಿ ಅಕ್ಕನ ಇಮೇಲ್ ಕೊಟ್ಟೆವು. ಆಮೇಲೆ ಎರಡು ಹಂತದ ದೃಢೀಕರಣ ಚಾಲೂ ಮಾಡಿ ಬ್ಯಾಕಪ್ ಕೋಡ್‌ಗಳನ್ನು ತೆಗೆದೆವು. ಎಂಟೆಂಟು ಅಂಕಿಗಳ ಹತ್ತು ಸಂಕೇತಗಳು ಬರುತ್ತವೆ, ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು. ಸಿಮ್ ಇಲ್ಲದಿದ್ದರೂ, ಫೋನ್ ಕಳೆದರೂ ಖಾತೆಗೆ ಮರಳುವ ದಾರಿ ಅದು. ಅವುಗಳ ಚಿತ್ರ ತೆಗೆದು ಅದೇ ಫೋನಿನಲ್ಲಿ ಇಟ್ಟರೆ ಫೋನಿನ ಜೊತೆ ಅವೂ ಹೋಗುತ್ತವೆ. ಅಕ್ಕ ಕಾಗದದ ಮೇಲೆ ಬರೆದು ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಳು.

ಇಲ್ಲಿ ಅವಸರ ಮಾಡಬಾರದು. ರಿಕವರಿ ಸಂಖ್ಯೆ ಬದಲಿಸಿದ ಮೇಲೂ ಏಳು ದಿನಗಳವರೆಗೆ ಗೂಗಲ್ ದೃಢೀಕರಣದ ಸಂಕೇತವನ್ನು ಹಳೆಯ ಸಂಖ್ಯೆಗೆ ಕಳುಹಿಸುವ ಆಯ್ಕೆ ತೋರಿಸಬಹುದು. ಕಳ್ಳನೊಬ್ಬ ಖಾತೆಗೆ ನುಗ್ಗಿ ಸಂಖ್ಯೆ ಬದಲಿಸಿದ್ದರೆ ನಿಜವಾದ ಮಾಲೀಕನಿಗೆ ಮರಳಲು ಸಮಯ ಸಿಗಲಿ ಎಂಬುದು ಅದರ ಉದ್ದೇಶ. ನಮ್ಮಂಥವರ ವಿಷಯದಲ್ಲಿ ಆ ಏಳು ದಿನ ಹಳೆಯ ಸಂಖ್ಯೆ ಪಡೆದ ಅಪರಿಚಿತರಿಗೂ ಒಂದು ಕಿಂಡಿ ತೆರೆದಿರುತ್ತದೆ. ಅದಕ್ಕಾಗಿ ಪಾಸ್‌ವರ್ಡ್ ಕೂಡ ಆಗಲೇ ಬದಲಿಸಿದೆವು. ಅಂಗಡಿಯವನು ಇಟ್ಟಿದ್ದ ಪಾಸ್‌ವರ್ಡ್ ಹುಡುಗನ ಹೆಸರು ಮತ್ತು ಒಂದರಿಂದ ಐದರವರೆಗಿನ ಅಂಕಿಗಳು. ಸುಮಾರು ಆರು ವರ್ಷ ಅದೇ ಇತ್ತು. ವಾರ ತುಂಬುವವರೆಗೆ ಹಳೆಯ ಫೋನನ್ನು ಅಳಿಸಬೇಡ, ಯಾರಿಗೂ ಕೊಡಬೇಡ ಎಂದು ಹೇಳಿದೆ.

ಹುಡುಗನ ತಲೆಯಲ್ಲಿ ಬೇರೆಯೇ ಯೋಚನೆ ಇತ್ತು. ಹಳೆಯ ಖಾತೆಯಲ್ಲಿ ಎಲ್ಲವೂ ಸುಳ್ಳೇ ಇದೆ, ನಿಜವಾದ ಹೆಸರು ಮತ್ತು ದಿನಾಂಕದ ಹೊಸ ಖಾತೆ ತೆರೆದು ಹಳೆಯದನ್ನೆಲ್ಲ ಅದಕ್ಕೆ ಸಾಗಿಸೋಣ ಎಂದ. ಆಸೆ ಒಳ್ಳೆಯದು. ಆದರೆ ಎರಡು ಗೂಗಲ್ ಖಾತೆಗಳನ್ನು ಒಂದು ಮಾಡಲು ಬರುವುದಿಲ್ಲ, ಪ್ಲೇ ಸ್ಟೋರ್‌ನಲ್ಲಿ ಒಂದು ಖಾತೆಯಿಂದ ಕೊಂಡದ್ದನ್ನು ಇನ್ನೊಂದಕ್ಕೆ ದಾಟಿಸಲೂ ಬರುವುದಿಲ್ಲ. ಹಾಗಾಗಿ ಹಳೆಯ ಖಾತೆಯನ್ನು ಬಿಡುವುದರ ಬದಲು ಅದನ್ನೇ ತಿದ್ದಿ ತನ್ನದಾಗಿಸಿಕೊಳ್ಳಬೇಕು.

ಈಗ ದಿನಾಂಕದ ಮಾತು. ವಯಸ್ಸನ್ನು ತಿದ್ದುವುದು ಹೆಸರು ತಿದ್ದಿದಷ್ಟು ಸರಳವಲ್ಲ, ಯಾವಾಗ ತಿದ್ದುತ್ತೀರಿ ಎಂಬುದರ ಮೇಲೆ ಫಲ ಬದಲಾಗುತ್ತದೆ. ಭಾರತದಲ್ಲಿ ಗೂಗಲ್ ಖಾತೆಯನ್ನು ಸ್ವತಂತ್ರವಾಗಿ ನಡೆಸಲು 13 ವರ್ಷ ಆಗಿರಬೇಕು. ಇದೇ ಹುಡುಗ 2020ರಲ್ಲಿ, 12ರ ವಯಸ್ಸಿನಲ್ಲಿ, ಪ್ರಾಮಾಣಿಕವಾಗಿ ದಿನಾಂಕ ತಿದ್ದಿದ್ದರೆ ಖಾತೆ ವಯೋಮಿತಿಯ ಕೆಳಗೆ ಬೀಳುತ್ತಿತ್ತು. ಆಗ 14 ದಿನಗಳ ಗಡುವು ಸಿಗುತ್ತದೆ. ಅಷ್ಟರಲ್ಲಿ ಪೋಷಕರ ನಿಗಾ ಒದಗಿಸಬೇಕು, ಇಲ್ಲವೇ ವಯಸ್ಸು ಸಾಬೀತು ಮಾಡಬೇಕು. ಏನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಆಮೇಲೆ ಅಳಿಸಿಯೂ ಹೋಗುತ್ತದೆ. ಮಗುವಿಗೆ ಹತ್ತೋ ಹನ್ನೊಂದೋ ಇರುವಾಗ ‘ತಪ್ಪು ದಿನಾಂಕ ಇದೆಯಲ್ಲ, ಸರಿ ಮಾಡೋಣ’ ಎಂದು ತಟ್ಟನೆ ತಿದ್ದಿ ಖಾತೆ ಮುಚ್ಚಿಸಿಕೊಂಡವರು ಇದ್ದಾರೆ. ಆ ವಯಸ್ಸಿನಲ್ಲಿ ತಿದ್ದುವುದಾದರೆ ಮೊದಲು ಪೋಷಕರ ಖಾತೆ ಸಿದ್ಧವಿಟ್ಟುಕೊಂಡು ಕೂರಬೇಕು.

13 ದಾಟಿ 18ರ ಒಳಗೆ ತಿದ್ದಿದರೆ ಖಾತೆ ಮುಚ್ಚುವುದಿಲ್ಲ. ಆದರೆ ಅದು ಅಪ್ರಾಪ್ತರ ಖಾತೆಯಾಗುತ್ತದೆ. ವಯಸ್ಕರ ವಿಷಯಗಳಿಗೆ ತಡೆ ಬೀಳುತ್ತದೆ, ಅಭಿರುಚಿ ನೋಡಿ ತೋರಿಸುವ ಜಾಹೀರಾತು ನಿಲ್ಲುತ್ತದೆ. ಇದು ನಷ್ಟವಲ್ಲ, ಮಗುವಿಗೆ ಸಿಗಬೇಕಾಗಿದ್ದ ರಕ್ಷಣೆ. ನಮ್ಮ ಹುಡುಗನಿಗೆ ಅದು ಒಂದು ದಿನವೂ ಸಿಗಲಿಲ್ಲ. ಗೂಗಲ್‌ನ ಕಣ್ಣಿಗೆ ಅವನು 12ನೆಯ ವಯಸ್ಸಿನಲ್ಲೇ ಮೂವತ್ತರ ಗಂಡಸು. ಆಟದಲ್ಲಿಯೂ ಹಾಗೆಯೇ. ಬಿಜಿಎಂಐ 18ರ ಒಳಗಿನವರಿಗೆ ಪೋಷಕರ ಮೊಬೈಲ್‌ಗೆ ಸಂಕೇತ ಕಳುಹಿಸಿ ಒಪ್ಪಿಗೆ ಪಡೆಯುವ ವ್ಯವಸ್ಥೆ ಇಟ್ಟಿತ್ತು. ಸರ್ಕಾರದ ನಿಷೇಧದ ನಂತರ 2023ರ ಮೇ ತಿಂಗಳಲ್ಲಿ ಮರಳಿದಾಗ ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿಯನ್ನೂ ಹಾಕಿತು. ಆಟ ವಯಸ್ಸು ಕೇಳಿದಾಗ ಇವನು ‘18 ಆಗಿದೆ’ ಎಂದು ಒತ್ತಿದ್ದ. ಎಸ್ಸೆಸ್ಸೆಲ್ಸಿ ತಯಾರಿಯ ವರ್ಷ ಆರು ಗಂಟೆಯ ಮಿತಿ ಮುಟ್ಟಿದ ದಿನಗಳೂ ಇದ್ದವು ಎಂದು ಈಗ ತಾನೇ ಹೇಳುತ್ತಾನೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಇಂಥ ಖಾತೆಗೆ 13 ತುಂಬಿದರೂ 18 ತುಂಬಿದರೂ ಏನೂ ಬದಲಾಗುವುದಿಲ್ಲ. ಹಾಕದ ಬೀಗವನ್ನು ತೆಗೆಯುವ ದಿನ ಬರುವುದಿಲ್ಲವಲ್ಲ.

ಹಣದ ವಿಷಯದಲ್ಲಿ ಆ ಸುಳ್ಳು ವರ್ಷ ಇನ್ನೊಂದು ರೀತಿ ಕಚ್ಚುತ್ತದೆ. ಮಗು ತಿಳಿಯದೆ ಆಟದ ಹಣ ಕೊಂಡುಬಿಟ್ಟಿತು, ಮರಳಿಸಿ ಎಂದು ಕೇಳಲು ಹೋದರೆ ಖಾತೆಯೇ ಎದುರು ಸಾಕ್ಷಿ ಹೇಳುತ್ತದೆ. ಕೊಂಡವನು 1990ರಲ್ಲಿ ಹುಟ್ಟಿದವನು, ಮಗುವಲ್ಲ. ಅಕ್ಕನ ಮನೆಯಲ್ಲಿ ಒಮ್ಮೆ ಅಂಥ ಸಂದರ್ಭ ಬಂದಿತ್ತು, ಮೊತ್ತ ಸಣ್ಣದು, ಭಾವ ಬೈದು ಸುಮ್ಮನಾದರು.

ಈಗ 18 ತುಂಬಿದ ಮೇಲೆ ದಿನಾಂಕ ತಿದ್ದಿದರೆ ಯಾವ ತಡೆಯೂ ಬೀಳುವುದಿಲ್ಲ. ಯಾವ ದಿನಾಂಕ ಹಾಕಬೇಕು ಎಂಬುದು ಮಾತ್ರ ಉಳಿಯಿತು. ಅಕ್ಕ ತೇರಿನ ಮರುದಿನದ್ದೇ ಹಾಕಬೇಕೆಂದು ಹಟ ಹಿಡಿದಳು. ಅವಳ ನೋವು ನನಗೆ ಅರ್ಥವಾಗುತ್ತದೆ. ಮಗ ಹುಟ್ಟಿದ ದಿನವನ್ನು ಯಾವ ಕಾಗದವೂ ಒಪ್ಪಲಿಲ್ಲ, ತಾವೇ ಬರೆಯಬಹುದಾದ ಒಂದು ಜಾಗದಲ್ಲಾದರೂ ಇರಲಿ ಎಂಬುದು ಅವಳ ಆಸೆ. ಆದರೆ ನಾಳೆ ವಯಸ್ಸಿನ ಪುರಾವೆ ಕೇಳಿದರೆ ತೋರಿಸಲು ಇರುವುದು ಆಧಾರ್. ಆಧಾರ್‌ನಲ್ಲಿ ಜನ್ಮ ದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಬಹುದು, ಅದಕ್ಕೂ ದಾಖಲೆ ಬೇಕು. ಹಾಗಾಗಿ ಖಾತೆಯಲ್ಲಿ 1 ಜೂನ್ 2008 ಎಂದೇ ಬರೆದೆವು. ನಮ್ಮ ಭಾಗದ ಪೋಷಕರು ಇದನ್ನು ನೆನಪಿಡಬೇಕು: ಮಗುವಿನ ನಿಜವಾದ ದಿನಾಂಕಕ್ಕೂ ಕಾಗದದ ದಿನಾಂಕಕ್ಕೂ ಎರಡು ಮೂರು ತಿಂಗಳ ಅಂತರವಿದ್ದರೆ, ನಿಗಾ ಸಡಿಲವಾಗುವ ದಿನ, ಸಿಮ್ ಸಿಗುವ ದಿನ, ಗುರುತಿನ ಪರೀಕ್ಷೆ ದಾಟುವ ದಿನ ಎಲ್ಲವೂ ಕಾಗದದ ದಿನಾಂಕಕ್ಕೇ ಕಾಯಬೇಕಾಗಿ ಬರಬಹುದು.

ಪಾವತಿಯ ವಿಭಾಗದಲ್ಲಿ ಭಾವನ ಡೆಬಿಟ್ ಕಾರ್ಡ್ ಇನ್ನೂ ಇತ್ತು, ತೆಗೆದೆವು. ಕೊನೆಯದಾಗಿ ಆಟದ ಖಾತೆ. ಅದನ್ನು ತೆರೆಯಲು ಈ ಗೂಗಲ್ ಖಾತೆ ಒಂದೇ ದಾರಿಯಾಗಿತ್ತು. ಆಟದ ಸೆಟ್ಟಿಂಗ್ಸ್‌ನಲ್ಲಿ ಎರಡನೆಯ ಲಾಗಿನ್ ಜೋಡಿಸಲು ಜಾಗವಿದೆ. ಅಲ್ಲಿ ಹುಡುಗ ತನ್ನ ಫೇಸ್‌ಬುಕ್ ಖಾತೆ ಜೋಡಿಸಿದ. ಆ ಫೇಸ್‌ಬುಕ್ ಖಾತೆಯಿಂದ ಮೊದಲೇ ಬೇರೊಂದು ಆಟಗಾರ ಹುಟ್ಟಿದ್ದರೆ ಜೋಡಣೆ ಆಗುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಯಾವ ಲಾಗಿನ್‌ಗೂ ಜೋಡಿಸದೆ ‘ಗೆಸ್ಟ್’ ಎಂದು ಆಡುವ ಮಕ್ಕಳ ಸ್ಥಿತಿ ಎಲ್ಲಕ್ಕಿಂತ ಕೆಟ್ಟದು. ಗೆಸ್ಟ್ ಖಾತೆ ಆ ಫೋನಿಗೆ ಮಾತ್ರ ಗೊತ್ತು. ಫೋನ್ ಅಳಿಸಿದರೆ ಮರಳಿ ಸಿಗುವ ಭರವಸೆ ಇಲ್ಲ. ಮನೆಯಲ್ಲಿ ಅಂಥ ಮಗು ಇದ್ದರೆ ಇವತ್ತೇ ಜೋಡಿಸಿಕೊಡಿ.

ಹುಡುಗನ ತಂಗಿಯ ಕಥೆ ಬೇರೆ. ಅವಳು 2012ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಆಸ್ಪತ್ರೆಯಲ್ಲಿ ಹುಟ್ಟಿದವಳು, ಜನನ ಪ್ರಮಾಣಪತ್ರ ಇದೆ, ದಿನಾಂಕ ಎಲ್ಲ ಕಡೆ ಒಂದೇ. ಅವಳಿಗೆ ಟ್ಯಾಬ್ ಕೊಡಿಸುವಾಗ ನಾನು ಜೊತೆಗಿದ್ದೆ. ಅಕ್ಕನ ಫೋನಿನಲ್ಲಿ ಪೋಷಕರ ನಿಗಾಕ್ಕಾಗಿ ಇರುವ ಗೂಗಲ್‌ನ ಆ್ಯಪ್ ಫ್ಯಾಮಿಲಿ ಲಿಂಕ್ ಹಾಕಿ, ಅಲ್ಲಿಂದಲೇ ಅವಳ ಖಾತೆ ತೆರೆದೆವು. ದಿನಕ್ಕೆ ಒಂದೂವರೆ ಗಂಟೆ, ರಾತ್ರಿ ಒಂಬತ್ತಕ್ಕೆ ಬೀಗ, ಯಾವ ಆ್ಯಪ್ ಇಳಿಸಿಕೊಳ್ಳಬೇಕಾದರೂ ಅಕ್ಕನ ಒಪ್ಪಿಗೆ. ಮೂರು ವರ್ಷ ಚೆನ್ನಾಗಿ ನಡೆಯಿತು.

ಕಳೆದ ಸೆಪ್ಟೆಂಬರ್‌ನಲ್ಲಿ ಅವಳಿಗೆ 13 ತುಂಬುವ ಹೊತ್ತಿಗೆ ಇಬ್ಬರಿಗೂ ಗೂಗಲ್‌ನಿಂದ ಇಮೇಲ್ ಬಂತು. ಇನ್ನು ಮುಂದೆ ಖಾತೆಯನ್ನು ನೀನೇ ನಡೆಸಬಹುದು, ಬೇಕಾದರೆ ಪೋಷಕರ ನಿಗಾ ಮುಂದುವರಿಸಬಹುದು ಎಂಬುದು ಅದರ ಸಾರ. ಅಕ್ಕ ಇಮೇಲ್ ನೋಡುವವಳಲ್ಲ. ಮಗಳು ನೋಡಿದಳು. ಆಗಿನ ನಿಯಮದಂತೆ ಅವಳು ತಾನಾಗಿಯೇ ನಿಗಾ ತೆಗೆದುಹಾಕಬಹುದಾಗಿತ್ತು. ಇದು ಪೋಷಕರನ್ನು ಬದಿಗೆ ಸರಿಸುವ ವ್ಯವಸ್ಥೆ ಎಂದು ಹೊರದೇಶಗಳಲ್ಲಿ ಕಟು ಟೀಕೆ ಬಂದ ಮೇಲೆ, 2026ರ ಜನವರಿಯಲ್ಲಿ ಗೂಗಲ್ ಪಟ್ಟು ಸಡಿಲಿಸಿ, ನಿಗಾ ತೆಗೆಯಲು ಇನ್ನು ಪೋಷಕರ ಒಪ್ಪಿಗೆಯೂ ಬೇಕು ಎಂದು ಹೇಳಿತು. ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಎಂಟನೆಯ ತರಗತಿಯ ಮಗುವಿಗೆ ಒಂದು ಇಮೇಲ್ ಕಳುಹಿಸಿ, ಇನ್ನು ನೀನು ಸ್ವತಂತ್ರ ಎನ್ನುವುದು ಯಾವ ಊರಿನ ನ್ಯಾಯ?

ಅವಳು ತೆಗೆದುಹಾಕಲಿಲ್ಲ. ಇಮೇಲ್ ತೆರೆದುಕೊಂಡು ನೇರವಾಗಿ ಅವ್ವನ ಹತ್ತಿರ ಹೋಗಿ, “ಅವ್ವಾ, ಇದನ್ನು ನಾನು ತೆಗೆಯಬಹುದಂತೆ. ತೆಗೆಯುವುದಿಲ್ಲ. ಆದರೆ ಭಾನುವಾರ ಬೀಗ ಬೇಡ” ಎಂದಳಂತೆ. ಅಕ್ಕ ಒಪ್ಪಿದಳು. ಭಾನುವಾರದ ಸಮಯಮಿತಿ ಹೋಯಿತು, ಉಚಿತ ಆ್ಯಪ್‌ಗಳಿಗೆ ಒಪ್ಪಿಗೆ ಕೇಳುವುದು ಹೋಯಿತು, ಹಣ ಕೊಡುವ ಪ್ರತಿಯೊಂದಕ್ಕೂ ಒಪ್ಪಿಗೆ ಉಳಿಯಿತು. 13ರಿಂದ 18ರ ನಡುವಿನ ಐದು ವರ್ಷಗಳಲ್ಲಿ ನಿಗಾ ಒಂದೇ ದಿನ ಪೂರ್ತಿ ಬೀಳುವ ಬದಲು ಹೀಗೆ ಒಂದೊಂದಾಗಿ ಸಡಿಲವಾದರೆ ಮಗುವಿಗೂ ಒಳ್ಳೆಯದು. ಆ್ಯಪ್‌ನಲ್ಲಿ ಅದಕ್ಕೆ ಬೇಕಾದ ಬೇರೆ ಬೇರೆ ಗುಂಡಿಗಳಿವೆ.

ಆದರೂ ಫ್ಯಾಮಿಲಿ ಲಿಂಕ್‌ಗೆ ಕಾಣದ ಎರಡು ಜಾಗಗಳಿವೆ. ಖರೀದಿಯ ಒಪ್ಪಿಗೆ ಕೇಳುವುದು ಗೂಗಲ್ ಪ್ಲೇ ಮೂಲಕ ಹಣ ಕೊಟ್ಟಾಗ ಮಾತ್ರ. ಆಟದ ಐಡಿ ಸಂಖ್ಯೆ ಕೊಟ್ಟು ಬೇರೆ ಜಾಲತಾಣದಲ್ಲಿ ಹಣ ಹಾಕಿಸಿದರೆ, ಅಥವಾ ಗೆಳತಿಯ ಅಣ್ಣ ತನ್ನ ಯುಪಿಐಯಿಂದ ಕಟ್ಟಿದರೆ, ಅಕ್ಕನ ಫೋನ್ ಮಿಸುಕುವುದಿಲ್ಲ. ಗೊತ್ತಾಗುವುದು ಆಟದೊಳಗಿನ ಬಟ್ಟೆ ಆಯುಧ ನೋಡಿದಾಗಲೇ. ಮಗುವಿನ ಆಟಗಾರನಿಗೆ ಹೊಸದೇನೋ ಬಂದಿದ್ದರೆ ಎಲ್ಲಿಂದ ಬಂತೆಂದು ಕೇಳಬೇಕು.

ಎರಡನೆಯದು ಆಟದೊಳಗಿನ ಮಾತುಕತೆ. ಅದು ಪೂರ್ತಿ ಆಟದ ಕಂಪನಿಯ ಕೈಯಲ್ಲಿದೆ. ತಂಗಿ ಆಡುವುದು ರೋಬ್ಲಾಕ್ಸ್. ಈ ವರ್ಷದ ಜನವರಿಯಿಂದ ಅದರಲ್ಲಿ ಚಾಟ್ ಮಾಡಬೇಕಾದರೆ ವಯಸ್ಸಿನ ಪರೀಕ್ಷೆ ಆಗಬೇಕು. ಮುಖವನ್ನು ಕ್ಯಾಮೆರಾಕ್ಕೆ ತೋರಿಸಿದರೆ ತಂತ್ರಾಂಶ ವಯಸ್ಸು ಅಂದಾಜಿಸಿ ಒಂದು ಗುಂಪಿಗೆ ಸೇರಿಸುತ್ತದೆ: 9ರ ಒಳಗೆ, 9ರಿಂದ 12, 13ರಿಂದ 15, 16 ಮತ್ತು 17, 18ರಿಂದ 20, 21 ದಾಟಿದವರು. ತನ್ನ ಗುಂಪಿನವರು ಮತ್ತು ಹತ್ತಿರದ ವಯಸ್ಸಿನವರ ಜೊತೆ ಮಾತ್ರ ಮಾತು. ಖಾತೆಯಲ್ಲಿ ಬರೆದ ದಿನಾಂಕದ ಮೇಲಷ್ಟೇ ಭಾರ ಹಾಕುವುದನ್ನು ಬಿಟ್ಟದ್ದು ದೊಡ್ಡ ಬದಲಾವಣೆ. ಆದರೆ ಪರದೆ ಮುಖ ಕೇಳಿದಾಗ ಅವಳು ಮಾಡಿದ್ದೇನು ಗೊತ್ತೇ? ತನಗೆ ನಾಚಿಕೆ ಎಂದು ಟ್ಯಾಬನ್ನು ಅಣ್ಣನ ಮುಖಕ್ಕೆ ಹಿಡಿಯಲು ಹೋದಳು. ಅಣ್ಣ ನಗುತ್ತ ಒಪ್ಪಿಯೂ ಇದ್ದ. ಪಕ್ಕದಲ್ಲಿದ್ದ ನಾನು ತಡೆದೆ. ಅವನ ಮುಖ ಕಂಡಿದ್ದರೆ 13ರ ಹುಡುಗಿ ದೊಡ್ಡ ಹುಡುಗರ ಗುಂಪಿಗೆ ಬೀಳುತ್ತಿದ್ದಳು, ತನ್ನ ತರಗತಿಯ ಗೆಳತಿಯರ ಜೊತೆಗಿನ ಮಾತು ಕಡಿದುಹೋಗುತ್ತಿತ್ತು. ಬೇರೆ ದೇಶಗಳಲ್ಲಿ ಅಪ್ಪ ಅಮ್ಮನೇ ಮಗುವಿನ ಪರವಾಗಿ ಮುಖ ತೋರಿಸಿ ಮಗುವನ್ನು 21 ದಾಟಿದವರ ಸಾಲಿಗೆ ಸೇರಿಸಿದ್ದು ನಡೆದಿದೆ. ಆರು ವರ್ಷದ ಹಿಂದೆ ಅಂಗಡಿಯವನು ಬೆರಳಿನಿಂದ ಮಾಡಿದ ತಪ್ಪನ್ನು ಈಗ ಮನೆಯವರು ಮುಖದಿಂದ ಮಾಡುತ್ತಿದ್ದಾರೆ. ಒಂದು ವೇಳೆ ಹಾಗಾಗಿದ್ದರೆ, ಪೋಷಕರ ಖಾತೆಯನ್ನು ಜೋಡಿಸಿ ಅಲ್ಲಿಂದ ವಯಸ್ಸು ತಿದ್ದಿಸಲು ರೋಬ್ಲಾಕ್ಸ್‌ನಲ್ಲಿಯೇ ದಾರಿಯಿದೆ.

ಕಂಪನಿಗಳ 13ಕ್ಕೂ ನಮ್ಮ ಕಾನೂನಿನ 18ಕ್ಕೂ ನಡುವೆ ಇರುವ ಈ ಐದು ವರ್ಷಗಳೇ ಮಕ್ಕಳ ಆನ್‌ಲೈನ್ ರಕ್ಷಣೆಯ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯ ನಡುಮನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಬೇಕಾದರೆ ಪೋಷಕರಿಂದ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ಚಲನವಲನ ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಉಲ್ಲಂಘಿಸಿದರೆ 200 ಕೋಟಿ ರೂಪಾಯಿವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಮಕ್ಕಳ ಒಪ್ಪಿಗೆಯ ಭಾಗ ಜಾರಿಯಾಗಲು 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ. ಪೋಷಕರು ವಯಸ್ಕರೇ ಎಂದು ಕಂಪನಿ ತನ್ನ ಬಳಿ ಈಗಾಗಲೇ ಇರುವ ವಿವರದಿಂದ ನೋಡಬಹುದು, ಇಲ್ಲವೇ ಡಿಜಿಲಾಕರ್‌ನಂಥ ವ್ಯವಸ್ಥೆಯ ಮೂಲಕ ಖಚಿತಪಡಿಸಿಕೊಳ್ಳಬಹುದು.

ಈ ಕಾಯ್ದೆಯಲ್ಲಿ ಮಗುವಿನ ಹಕ್ಕುಗಳನ್ನು ಪೋಷಕರು ಚಲಾಯಿಸುವುದು ಅದು ಮಗುವಾಗಿರುವವರೆಗೆ ಮಾತ್ರ. 18 ತುಂಬಿದ ದಿನ ಪೋಷಕರು ಚಿತ್ರದಿಂದ ಹೊರಗೆ. ಆದರೆ ಪೋಷಕರ ಹೆಸರಿನಲ್ಲಿ ನಿಂತ ಒಪ್ಪಿಗೆಯನ್ನು, ಅವರ ಸಂಖ್ಯೆಗೆ ಕಟ್ಟಿದ ಖಾತೆಯನ್ನು ಆ ದಿನ ಮಗುವಿನ ಕೈಗೆ ಹೇಗೆ ದಾಟಿಸಬೇಕೆಂದು ಕಾಯ್ದೆ ಹೇಳುವುದಿಲ್ಲ. ಇದು ದೊಡ್ಡ ಕೊರತೆ ಎಂದು ನನಗೆ ಅನಿಸುತ್ತದೆ. ಕರಾರಿನ ಕಾನೂನು ನೋಡಿದರೆ ಕೊರತೆ ಇನ್ನೂ ಸ್ಪಷ್ಟ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡುವ ಅರ್ಹತೆ ಇಲ್ಲ. 1903ರ ಮೊಹೋರಿ ಬೀಬಿ ಪ್ರಕರಣದಿಂದ ಈಚೆಗೆ ಅಂಥ ಕರಾರು ಮೊದಲಿನಿಂದಲೇ ಅನೂರ್ಜಿತ, ದೊಡ್ಡವನಾದ ಮೇಲೆ ‘ಆಗ ಒಪ್ಪಿದ್ದೆ’ ಎಂದು ಅದಕ್ಕೆ ಜೀವ ತುಂಬಲೂ ಬರುವುದಿಲ್ಲ. 12ರ ಹುಡುಗ ‘ಒಪ್ಪುತ್ತೇನೆ’ ಎಂದು ಒತ್ತಿದ ಗುಂಡಿಗೆ ಕರಾರಿನ ಬೆಲೆ ಇಲ್ಲ. 18 ತುಂಬಿದ ಮೇಲೆ ಹೊಸದಾಗಿ ಷರತ್ತು ತೋರಿಸಿ, ಹೊಸದಾಗಿ ಒಪ್ಪಿಗೆ ಪಡೆಯಬೇಕು. ಆಗಲೇ ಸಂಖ್ಯೆ, ಇಮೇಲ್, ಪಾವತಿ ಎಲ್ಲವನ್ನೂ ಒಂದೊಂದಾಗಿ ಮಗುವಿನ ಹೆಸರಿಗೆ ಮಾಡಿಕೊಡುವ ಒಂದು ಪರದೆಯನ್ನು ಕಂಪನಿಗಳು ಇಟ್ಟರೆ ಸಾಕು, ನನ್ನ ಮೇಜಿಗೆ ಬರುವ ಫೋನುಗಳಲ್ಲಿ ಅರ್ಧ ಬರಲಾರವು.

ಅಂಥ ಪರದೆ ಇಲ್ಲದ ಕಡೆ ಹುಟ್ಟಿಕೊಳ್ಳುವುದು ಮಾರಾಟ. ಪಿಯುಸಿ ಮುಗಿಸಿ ಬೆಂಗಳೂರಿಗೆ, ಪುಣೆಗೆ ಹೊರಡುವ ಹುಡುಗರು ತಮ್ಮ ಆಟದ ಖಾತೆಯನ್ನು ಕಿರಿಯರಿಗೆ ಮಾರಿ ಹೋಗುವುದನ್ನು ನಾನು ನೋಡಿದ್ದೇನೆ. ಆಟದ ಷರತ್ತುಗಳು ಇದಕ್ಕೆ ಒಪ್ಪುವುದಿಲ್ಲ, ಸಿಕ್ಕರೆ ಖಾತೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆಟ ಗೂಗಲ್ ಖಾತೆಗೆ ಕಟ್ಟಿದ್ದರೆ ಮಾರುವವನು ತನ್ನ ಇಮೇಲ್, ಫೋಟೋ, ಸಂಪರ್ಕಗಳ ಪಟ್ಟಿಯನ್ನೂ ಜೊತೆಗೆ ಕೊಟ್ಟಂತೆ. ಕೊಂಡವನು ಹನ್ನೆರಡರ ಹುಡುಗನಾದರೆ ಅವನಿಗೆ ಮೊದಲ ದಿನದಿಂದಲೇ ವಯಸ್ಕನ ಖಾತೆ.

ಏಳು ದಿನ ಕಳೆದ ಮೇಲೆ ಹುಡುಗ ಹೊಸ ಫೋನಿನಲ್ಲಿ ಖಾತೆ ತೆರೆದ. ಸಂಕೇತ ಅವನದೇ ಸಂಖ್ಯೆಗೆ ಬಂತು, ಆಟ ಅವನ ಹಳೆಯ ಹೆಸರು ಹಿಡಿದು ಕರೆಯಿತು. ಆಮೇಲೆ ಜಗತ್ ವೃತ್ತದ ಬಳಿ ಹಳೆಯ ಫೋನಿಗೆ ಬೇರೆ ಬ್ಯಾಟರಿ, ಬೇರೆ ಪರದೆ ಹಾಕಿಸಿದೆವು, ಅದು ಇನ್ನು ತಂಗಿಗೆ. ಅಳಿಸುವ ಮುಂಚೆ ಅವನ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ತೆಗೆಸಿದೆ. ಹಾಗೆ ತೆಗೆಯದೆ ಫೋನ್ ಬಲವಂತವಾಗಿ ರೀಸೆಟ್ ಮಾಡಿದರೆ ಅದು ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತ ಕೂರುತ್ತದೆ. ಖಾಲಿಯಾದ ಫೋನಿನಲ್ಲಿ ತಂಗಿ ತನ್ನ ಖಾತೆ ಹಾಕಿದಳು. ಪರದೆ ಪೋಷಕರ ಪಾಸ್‌ವರ್ಡ್ ಕೇಳಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ಮಗಳನ್ನು ಆಚೆ ತಿರುಗಿ ನಿಲ್ಲಲು ಹೇಳಿ, ಒಂದೊಂದೇ ಅಕ್ಷರ ಒತ್ತಿದಳು.